ವಾಲಿಬಾಲ್ ಪಾಸ್ ಪಾಠಕ್ಕೆ ಅಳೆಯಬಹುದಾದ ಮೂರು ಉದ್ದೇಶಗಳು

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ಏಳನೇ ತರಗತಿಗೆ ವಾಲಿಬಾಲ್ ಅಂಡರ್‌ಹ್ಯಾಂಡ್ ಪಾಸ್ ಕಲಿಸ್ತಿದ್ದೇನೆ, ಇದು ಎರಡನೇ ಪಾಠ. ಪಾಠಯೋಜನೆಯಲ್ಲಿ "ಮಕ್ಕಳು ಪಾಸ್ ಮಾಡುವುದನ್ನು ಕಲಿಯುವರು, ಅದರ ತಂತ್ರ ತಿಳಿದುಕೊಳ್ಳುವರು, ಸಹಕಾರ ಮನೋಭಾವ ಬೆಳೆಸಿಕೊಳ್ಳುವರು" ಎಂದು ಬರೆದಿದ್ದೆ. ಅಳೆಯುವ ಹಾಗಿಲ್ಲ ಅಂತ ವಾಪಸ್ ಬಂತು. 40 ಮಕ್ಕಳು, 10 ಚೆಂಡು, 40 ನಿಮಿಷದ ಅವಧಿ. ಇಷ್ಟರಲ್ಲಿ ಮೂರನ್ನೂ ಅಳೆಯೋದು ಹೇಗೆ ಸಾಧ್ಯ?

ಉತ್ತರ: ಸಾಧ್ಯ ಇದೆ. ಆದರೆ ಮೂರು ಉದ್ದೇಶಕ್ಕೆ ಮೂರು ಬೇರೆ ಬೇರೆ ಪರೀಕ್ಷೆ ಇಡಲು ಹೊರಟರೆ ಆಗೋದಿಲ್ಲ. ಒಂದೇ ಚಟುವಟಿಕೆಯನ್ನು ಮೂರು ಕಡೆಯಿಂದ ನೋಡುವ ಹಾಗೆ ಜೋಡಿಸಬೇಕು. ಅದಕ್ಕೆ ಮೊದಲು ವಾಕ್ಯಗಳನ್ನೇ ಸರಿಮಾಡಿಕೊಳ್ಳೋಣ.

ಅಳೆಯುವಂಥ ಉದ್ದೇಶದಲ್ಲಿ ಮೂರು ಸಂಗತಿ ಇರಬೇಕು ಎಂದು ರಾಬರ್ಟ್ ಮೇಗರ್ 1962ರಲ್ಲೇ ಹೇಳಿಟ್ಟಿದ್ದಾರೆ. ಮಗು ಏನು ಮಾಡುತ್ತದೆ, ಯಾವ ಸ್ಥಿತಿಯಲ್ಲಿ ಮಾಡುತ್ತದೆ, ಎಷ್ಟರ ಮಟ್ಟಿಗೆ ಮಾಡಿದರೆ ಸಾಕು. ಇದು ಬಿ.ಪಿ.ಎಡ್. ಓದಿದವರಿಗೆ ಹೊಸದಲ್ಲ. ತೊಂದರೆ ಬರೋದು ಮೈದಾನದಲ್ಲಿ. "ಯಾವ ಸ್ಥಿತಿಯಲ್ಲಿ" ಎನ್ನುವುದನ್ನು ನಾವು ಬಿಟ್ಟುಬಿಡುತ್ತೇವೆ. "ಎಷ್ಟರ ಮಟ್ಟಿಗೆ" ಎಂಬಲ್ಲಿ ಸುಮ್ನೆ 80 ಶೇಕಡ ಎಂದು ಬರೆದು ಮುಗಿಸುತ್ತೇವೆ. ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಕಾಣುತ್ತದೆ: "ಮಕ್ಕಳು 10 ನಿಮಿಷ ಜೋಡಿಯಲ್ಲಿ ಪಾಸ್ ಅಭ್ಯಾಸ ಮಾಡುವರು" ಎಂದು ಬರೆಯುವುದು. ಇದರಲ್ಲಿ ಅಂಕಿ ಇದೆ ನಿಜ, ಆದರೆ ಇದು ನೀವು ಮಾಡಿಸುವ ಕೆಲಸ. ಹತ್ತು ನಿಮಿಷ ಕಳೆದ ಮೇಲೂ ಒಂದು ಮಗುವಿಗೂ ಪಾಸ್ ಬಾರದೆ ಇರಬಹುದು, ಆಗಲೂ ಈ ಉದ್ದೇಶ "ಈಡೇರಿದೆ" ಎಂದೇ ಆಗುತ್ತದೆ.

ಮೊದಲು ದೇಹದ ಕೌಶಲ. ನಿಮ್ಮ ಪಾಠಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

"4 ಮೀಟರ್ ದೂರದಿಂದ ಜೊತೆಗಾರ ಕೆಳಗೈಯಲ್ಲಿ ಮೆಲ್ಲಗೆ ಎಸೆದ ಚೆಂಡನ್ನು ಮಗುವು ಮುಂಗೈಗಳ ಮೇಲೆ ತೆಗೆದುಕೊಂಡು, ತನ್ನ ತಲೆಗಿಂತ ಎತ್ತರಕ್ಕೆ ಹೋಗುವಂತೆ ಪಾಸ್ ಮಾಡುತ್ತದೆ. 2 ಮೀಟರ್ ಅಗಲದ ವೃತ್ತದೊಳಗೆ ನಿಂತವರು ವೃತ್ತ ಬಿಡದೆ ಅದನ್ನು ಹಿಡಿಯುವಂತಿರಬೇಕು. 10ರಲ್ಲಿ 6 ಸಲ."

ಇಲ್ಲಿ ಪ್ರತಿ ಮಾತಿಗೂ ಒಂದು ಕಾರಣ ಇದೆ. "ಮುಂಗೈಗಳ ಮೇಲೆ" ಎಂದು ಬರೆಯದಿದ್ದರೆ ಮುಷ್ಟಿಯಲ್ಲಿ ಗುದ್ದಿದ ಚೆಂಡೂ ಲೆಕ್ಕಕ್ಕೆ ಬರುತ್ತದೆ. "ತಲೆಗಿಂತ ಎತ್ತರಕ್ಕೆ" ಎಂದು ಬರೆಯದಿದ್ದರೆ ಎದೆಮಟ್ಟದಲ್ಲಿ ರಭಸವಾಗಿ ಹೋದ ಚೆಂಡೂ ಪಾಸ್ ಆಗಿಬಿಡುತ್ತದೆ. ಆಟದಲ್ಲಿ ಅಂಥ ಚೆಂಡು ಮುಂದಿನ ಆಟಗಾರನಿಗೆ ಪ್ರಯೋಜನಕ್ಕೆ ಬರೋದಿಲ್ಲ, ಅವನಿಗೆ ಅದರ ಕೆಳಗೆ ಬಂದು ನಿಲ್ಲಲು ಸಮಯವೇ ಸಿಗೋದಿಲ್ಲ. "ವೃತ್ತ ಬಿಡದೆ ಹಿಡಿಯುವಂತೆ" ಎನ್ನುವುದು ಎಣಿಸುವವರಿಗೋಸ್ಕರ. ಹಿಡಿದರೋ ಇಲ್ಲವೋ, ಕಾಲು ಗೆರೆ ದಾಟಿತೋ ಇಲ್ಲವೋ ಎನ್ನುವುದರಲ್ಲಿ ವಾದಕ್ಕೆ ಜಾಗ ಕಡಿಮೆ.

ಎಸೆತದ ಬಗ್ಗೆಯೂ ಒಂದು ನಿಯಮ ಬೇಕು. ಏಳನೇ ತರಗತಿಯ ಮಗು ಎಸೆಯುವ ಚೆಂಡು ಪ್ರತಿ ಸಲ ಸರಿಯಾದ ಜಾಗಕ್ಕೇ ಬರೋದಿಲ್ಲ, ಅಲ್ವಾ? ಪಾಸ್ ಮಾಡುವ ಮಗು ಒಂದು ಹೆಜ್ಜೆಗಿಂತ ಜಾಸ್ತಿ ಓಡಬೇಕಾದರೆ ಆ ಎಸೆತ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು. ಈ ನಿಯಮ ಇಲ್ಲದಿದ್ದರೆ ನೀವು ಪಾಸ್ ಮಾಡುವವರನ್ನು ಬಿಟ್ಟು ಎಸೆಯುವವರ ಕೈಯನ್ನು ಅಳೆದ ಹಾಗಾಗುತ್ತದೆ. ಕೆಟ್ಟದಾಗಿ ಎಸೆಯುವ ಗೆಳೆಯನ ಜೊತೆ ಬಿದ್ದ ಮಗುವಿಗೆ 3 ಬರುತ್ತದೆ, ಅದೇ ಮಗು ಬೇರೆ ಗುಂಪಿನಲ್ಲಿ 7 ತೆಗೆಯುತ್ತದೆ.

ಇನ್ನು 6 ಎಲ್ಲಿಂದ ಬಂತು? ಇದನ್ನು ಮೇಜಿನ ಮುಂದೆ ಕೂತು ನಿರ್ಧರಿಸಬಾರದು. ಮೊದಲ ಪಾಠದ ಕೊನೆಯಲ್ಲೋ ಎರಡನೆಯದರ ಮುಂಚೆಯೋ ನಾಲ್ಕು ಮಕ್ಕಳನ್ನು ಕರೆಯಿರಿ. ಚೆನ್ನಾಗಿ ಆಡುವ ಒಬ್ಬರು, ಸಾಧಾರಣ ಇಬ್ಬರು, ಇನ್ನೂ ತಡವರಿಸುವ ಒಬ್ಬರು. ಇದೇ ಸ್ಥಿತಿಯಲ್ಲಿ ತಲಾ 10 ಚೆಂಡು ಕೊಡಿ. 8, 4, 4, 1 ಎಂದು ಬಂತು ಅಂತಿಟ್ಟುಕೊಳ್ಳಿ. ಆಗ 6 ಎನ್ನುವುದು ಸಾಧಾರಣ ಮಕ್ಕಳು ಒಂದು ಪಾಠದ ಅಭ್ಯಾಸದಲ್ಲಿ ಮುಟ್ಟಬಹುದಾದ ಮಟ್ಟ. ನಾಲ್ವರಿಗೂ 7, 8 ಬಂದರೆ ಆ ಉದ್ದೇಶ ಆಗಲೇ ಮುಗಿದ ಕೆಲಸ, ದೂರ ಹೆಚ್ಚಿಸಿ. ನಾಲ್ವರಿಗೂ 0, 1, 2 ಬಂದರೆ ವೃತ್ತದ ಗುರಿಯನ್ನು ಈ ಪಾಠದಲ್ಲಿ ಬಿಟ್ಟುಬಿಡಿ. ಆಗ ಚೆಂಡು ಎಲ್ಲಿ ಹೋಯಿತು ಎನ್ನುವುದನ್ನು ಎಣಿಸುವ ಬದಲು ಭಂಗಿಯನ್ನು ಎಣಿಸಬೇಕು: "10 ಪಾಸ್‌ಗಳಲ್ಲಿ ಕನಿಷ್ಠ 7ರಲ್ಲಿ ಚೆಂಡು ಮುಟ್ಟುವ ಹೊತ್ತಿಗೆ ಮೊಣಕೈ ನೇರವಾಗಿರುತ್ತದೆ, ಮಂಡಿ ಬಾಗಿರುತ್ತದೆ." ಹೊಸದಾಗಿ ಕಲಿಯುವಾಗ ಭಂಗಿಯ ಅಳತೆ, ಸ್ವಲ್ಪ ಕೈ ಕುದುರಿದ ಮೇಲೆ ಫಲಿತಾಂಶದ ಅಳತೆ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ಎಣಿಸುವ ಮಗು ಎಲ್ಲಿ ನೋಡಬೇಕು ಎಂದು ತಿಳಿಯದೆ ಎರಡನ್ನೂ ಬಿಡುತ್ತದೆ.

ಒಂದು ಎಚ್ಚರಿಕೆ. 10 ಚೆಂಡು ಎನ್ನುವುದು ಸಣ್ಣ ಲೆಕ್ಕ. ಇವತ್ತು 5 ತೆಗೆದ ಮಗು ನಾಳೆ ಏನೂ ಹೊಸದಾಗಿ ಕಲಿಯದೆಯೇ 7 ತೆಗೆಯಬಹುದು. ಅದಕ್ಕೆ 5ಕ್ಕೂ 6ಕ್ಕೂ ನಡುವೆ ಗೆರೆ ಎಳೆದು ಒಬ್ಬರನ್ನು ಪಾಸು, ಇನ್ನೊಬ್ಬರನ್ನು ಫೇಲು ಮಾಡಬೇಡಿ. 2ಕ್ಕೂ 7ಕ್ಕೂ ಇರುವ ವ್ಯತ್ಯಾಸವನ್ನು ನಂಬಿ. ನಡುವಿನವರನ್ನು ಮುಂದಿನ ಪಾಠದಲ್ಲಿ ಮತ್ತೆ ನೋಡಿ.

ಈಗ ಮೈದಾನದ ಜೋಡಣೆ. ನಾಲ್ಕು ಮಕ್ಕಳಿಗೆ ಒಂದು ಚೆಂಡು, ಹತ್ತು ಗುಂಪು. ಒಬ್ಬರು ಎಸೆಯುತ್ತಾರೆ, ಒಬ್ಬರು ಪಾಸ್ ಮಾಡುತ್ತಾರೆ, ಒಬ್ಬರು ವೃತ್ತದಲ್ಲಿ ನಿಂತು ಹಿಡಿಯುತ್ತಾರೆ ಮತ್ತು ಎಣಿಸುತ್ತಾರೆ. ನಾಲ್ಕನೆಯವರು ಪಾಸ್ ಮಾಡುವವರ ಪಕ್ಕದಲ್ಲಿ ಎರಡು ಹೆಜ್ಜೆ ದೂರ ನಿಂತು ಬರೀ ಕೈಗಳನ್ನು ನೋಡುತ್ತಾರೆ. ಪಕ್ಕದಿಂದಲೇ ನೋಡಬೇಕು, ಎದುರಿನಿಂದ ಮೊಣಕೈ ಮಡಚಿದ್ದು ಕಾಣೋದಿಲ್ಲ. ಎಸೆಯುವವರು ವೃತ್ತದ ಮಗ್ಗುಲಲ್ಲೇ ನಿಂತರೆ ಚೆಂಡು ಕೈ ಬದಲಾಯಿಸಲು ಹೊತ್ತು ಹಿಡಿಯೋದಿಲ್ಲ. ಒಂದು ಚೆಂಡಿಗೆ 8 ಸೆಕೆಂಡ್ ಎಂದುಕೊಂಡರೂ 10 ಚೆಂಡು ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ತಪ್ಪು ಎಸೆತ, ಮಾತು, ಸರದಿ ಬದಲು ಎಲ್ಲ ಸೇರಿ ಮೂರು ನಿಮಿಷ. ನಾಲ್ಕು ಸರದಿಗೆ 12 ನಿಮಿಷ. ಮೈ ಬಿಸಿ ಮಾಡಲು 5, ಕಲಿಕೆ ಮತ್ತು ಅಭ್ಯಾಸಕ್ಕೆ 15, ಕೊನೆಗೆ 5 ಎಂದರೂ ನಿಮ್ಮ 40 ನಿಮಿಷದಲ್ಲಿ ಜಾಗ ಇದೆ.

ಹಿಡಿಯುವವರಿಗೆ ಎಣಿಕೆ, ನೋಡುವವರಿಗೆ ಕೈ ಎಂದು ಕೆಲಸ ಹಂಚಿದ್ದಕ್ಕೂ ಕಾರಣ ಇದೆ. ಗೆಳೆಯನಿಗೆ ಒಂದೆರಡು ಅಂಕ ಜಾಸ್ತಿ ಕೊಡುವುದು ಮಕ್ಕಳ ಸ್ವಭಾವ. ಚೆಂಡು ಕೈಗೆ ಸಿಕ್ಕಿತೋ ಇಲ್ಲವೋ ಎನ್ನುವುದರಲ್ಲಿ ಹಾಗೆ ಕೊಡುವುದು ಕಷ್ಟ. "ಚೆನ್ನಾಗಿ ಮಾಡಿದ" ಎನ್ನುವುದರಲ್ಲಿ ಸುಲಭ. ಆದರೂ ಪ್ರತಿ ಪಾಠದಲ್ಲಿ ಎರಡು ಗುಂಪಿನ ಹಿಂದೆ ನಿಂತು ನೀವೇ ಒಂದು ಸರದಿ ಎಣಿಸಿ. ನಿಮ್ಮ ಎಣಿಕೆಗೂ ಅವರದಕ್ಕೂ ಒಂದು ಚೆಂಡಿನ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಮೂರು, ನಾಲ್ಕು ಬಂದರೆ ಮಕ್ಕಳಿಗೆ ನಿಯಮವೇ ಅರ್ಥವಾಗಿಲ್ಲ ಎಂದು ತಿಳಿಯಿರಿ. ಆ ದಿನದ ಅಂಕಿಗಳನ್ನು ಪುಸ್ತಕಕ್ಕೆ ಏರಿಸಬೇಡಿ.

ಎರಡನೆಯದು ಯೋಚನೆಯ ಉದ್ದೇಶ. "ತಂತ್ರ ತಿಳಿದುಕೊಳ್ಳುವರು" ಎನ್ನುವುದು ಕಣ್ಣಿಗೆ ಕಾಣೋದಿಲ್ಲ. ಅದನ್ನು "ತಂತ್ರದ ಹಂತಗಳನ್ನು ಹೇಳುವರು" ಎಂದು ಬದಲಿಸಿದರೆ ಅಳೆಯಬಹುದು, ಆದರೆ ಬರೀ ನೆನಪನ್ನು ಅಳೆದಂತಾಗುತ್ತದೆ. "ಮೊಣಕೈ ನೇರ, ಮಂಡಿ ಬಾಗಿಸು" ಎಂದು ನೀವು ಹೇಳಿದ್ದನ್ನು ಐದು ನಿಮಿಷದ ನಂತರ ಒಪ್ಪಿಸುವುದು ಯಾರಿಗೂ ಕಷ್ಟವಲ್ಲ. ನನಗೆ ದೈಹಿಕ ಶಿಕ್ಷಣದಲ್ಲಿ ಇದಕ್ಕಿಂತ ಉಪಯೋಗದ್ದು ಅನಿಸುವುದು ತಪ್ಪಿನಿಂದ ಕಾರಣ ಹುಡುಕುವ ಯೋಚನೆ. ಅಂಡರ್‌ಹ್ಯಾಂಡ್ ಪಾಸ್ ಅದಕ್ಕೆ ಹೇಳಿ ಮಾಡಿಸಿದ ಕೌಶಲ, ಯಾಕೆಂದರೆ ಚೆಂಡು ಹೋಗುವ ದಿಕ್ಕೇ ಕೈಯ ತಪ್ಪನ್ನು ಹೇಳಿಬಿಡುತ್ತದೆ.

ಚೆಂಡು ಮುಂಗೈಗಳ ಮೇಲ್ಮೈ ಯಾವ ಕಡೆ ಮುಖ ಮಾಡಿದೆಯೋ ಹೆಚ್ಚುಕಡಿಮೆ ಆ ಕಡೆಗೇ ಪುಟಿಯುತ್ತದೆ. ಕೈಗಳು ನೆಲದ ಕಡೆ ಜಾಸ್ತಿ ಇಳಿದಿದ್ದರೆ ಆ ಮೇಲ್ಮೈ ಎದುರಿಗೆ ನೋಡುತ್ತದೆ, ಚೆಂಡು ತಗ್ಗಾಗಿ ಮುಂದಕ್ಕೆ ಓಡುತ್ತದೆ. ಮುಟ್ಟುವ ಹೊತ್ತಿಗೆ ಕೈ ಭುಜಕ್ಕಿಂತ ಮೇಲೆ ಎದ್ದಿದ್ದರೆ ಚೆಂಡು ತಲೆ ಮೇಲಿಂದ ಹಿಂದಕ್ಕೆ ಹಾರುತ್ತದೆ. ಒಂದು ಮುಂಗೈ ಇನ್ನೊಂದಕ್ಕಿಂತ ಕೆಳಗಿದ್ದರೆ ಚೆಂಡು ಆ ಕಡೆಯ ಪಕ್ಕಕ್ಕೆ ಜಾರುತ್ತದೆ. ಈ ಮೂರನ್ನು ಕಲಿಕೆಯ 15 ನಿಮಿಷದೊಳಗೆ ಮಾಡಿ ತೋರಿಸಿದರೆ ಏಳನೇ ತರಗತಿಯವರಿಗೆ ಧಾರಾಳವಾಗಿ ಅರ್ಥವಾಗುತ್ತದೆ.

ಹಾಗಾಗಿ ಉದ್ದೇಶ ಹೀಗಿರಲಿ: "ಶಿಕ್ಷಕರು ಬೇಕೆಂದೇ ತಪ್ಪಾಗಿ ಮಾಡಿದ 3 ಪಾಸ್‌ಗಳನ್ನು ನೋಡಿ, ಚೆಂಡು ಹೋದ ದಿಕ್ಕಿಗೆ ಕೈಯ ಯಾವ ತಪ್ಪು ಕಾರಣ ಎಂದು ಕನಿಷ್ಠ 2ಕ್ಕೆ ಸರಿಯಾಗಿ ಬರೆಯುತ್ತದೆ."

ಗುಂಪಿನಲ್ಲಿ ಜೊತೆಗಾರನ ಪಾಸ್ ನೋಡಿ ಬರೆಯಲಿ ಎಂದು ಯಾಕೆ ಹೇಳಲಿಲ್ಲ ಅಂದರೆ, ಅಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಸಿಗೋದಿಲ್ಲ. ಜೊತೆಗಾರ ಹತ್ತಕ್ಕೆ ಹತ್ತೂ ಸರಿಯಾಗಿ ಮಾಡಿದರೆ ನೋಡುವ ಮಗುವಿಗೆ ಹುಡುಕಲು ತಪ್ಪೇ ಇಲ್ಲ. ಆದ್ದರಿಂದ ಗುಂಪಿನಲ್ಲಿ ಅಭ್ಯಾಸ, ಅಳತೆ ಮಾತ್ರ ಕೊನೆಯ ಐದು ನಿಮಿಷದಲ್ಲಿ. ಎಲ್ಲರನ್ನೂ ಕೈಯಳತೆ ಬಿಟ್ಟು ಕೂರಿಸಿ, ಯಾರಾದರೂ ಎಸೆಯಲಿ, ನೀವು ಮೂರು ತಪ್ಪು ಪಾಸ್ ಮಾಡಿ. ಸಣ್ಣ ಚೀಟಿಯಲ್ಲಿ ಹೆಸರು, ಮೂರು ಸಾಲು, ಅಷ್ಟೇ. ಕಲಿಸುವಾಗ ತೋರಿಸಿದ ಕ್ರಮದಲ್ಲೇ ತೋರಿಸಬೇಡಿ, ಇಲ್ಲದಿದ್ದರೆ ಮತ್ತೆ ನೆನಪಿನ ಪರೀಕ್ಷೆ ಆಗುತ್ತದೆ. ನೀವು ಬೇಕೆಂದು ತಪ್ಪಿಸಿದ ಚೆಂಡು ಅಕಸ್ಮಾತ್ ನೇರವಾಗಿ ಹೋಗಿಬಿಟ್ಟರೆ ನಕ್ಕು ಇನ್ನೊಮ್ಮೆ ಮಾಡಿ, ಇದು ಆಗುತ್ತಲೇ ಇರುತ್ತದೆ.

ಉತ್ತರ ನೋಡುವಾಗ "ಸರಿಯಾಗಿ ಮಾಡಲಿಲ್ಲ", "ಗಮನ ಇರಲಿಲ್ಲ" ಎನ್ನುವುದನ್ನು ಕಾರಣ ಎಂದು ಒಪ್ಪಬೇಡಿ. "ಕೈ ಜಾಸ್ತಿ ಮೇಲೆ ಎತ್ತಿದರು" ಎಂದರೆ ಒಪ್ಪಿ. ಬರೆಯಲು ಕಷ್ಟಪಡುವ ಮಗು ನಿಂತು ಕೈಯಲ್ಲೇ ಆ ತಪ್ಪನ್ನು ತೋರಿಸಿದರೆ ಅದೂ ಪೂರ್ತಿ ಸರಿ. ನೀವು ಅಳೆಯುತ್ತಿರೋದು ಬರವಣಿಗೆಯನ್ನಲ್ಲ.

ಮೂರನೆಯದರಲ್ಲೇ ಎಲ್ಲರೂ ಮುಗ್ಗರಿಸೋದು. "ಸಹಕಾರ ಮನೋಭಾವ ಬೆಳೆಸಿಕೊಳ್ಳುವರು." ಮನೋಭಾವ 40 ನಿಮಿಷದಲ್ಲಿ ಬೆಳೆಯೋದಿಲ್ಲ, ಬೆಳೆದರೂ ನಿಮಗೆ ಕಾಣೋದಿಲ್ಲ. ಕಾಣೋದು ನಡವಳಿಕೆ ಮಾತ್ರ. ಕೆಲವರು ಇದನ್ನು "ಜಗಳವಾಡದೆ ಆಡುವರು" ಎಂದು ಬದಲಿಸುತ್ತಾರೆ. ಅದು ಅಳೆಯಲು ಸುಲಭ, ಆದರೆ ಒಂದು ಮೂಲೆಯಲ್ಲಿ ಯಾರ ಜೊತೆಗೂ ಮಾತಾಡದೆ ನಿಂತ ಮಗುವಿಗೆ ಅದರಲ್ಲಿ ಪೂರ್ತಿ ಅಂಕ ಸಿಗುತ್ತದೆ. ಇಲ್ಲದಿರುವುದನ್ನು ಎಣಿಸಬಾರದು, ಇರುವುದನ್ನು ಎಣಿಸಬೇಕು. ಮತ್ತೆ, ಆ ನಡವಳಿಕೆ ತೋರಿಸಲು ಪ್ರತಿ ಮಗುವಿಗೂ ಅವಕಾಶ ಇರಬೇಕು. ಸಹಾಯ ಮಾಡುವ ಸಂದರ್ಭವೇ ಬಾರದ ಮಗುವನ್ನು ಸಹಾಯ ಮಾಡಲಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ.

ನಾಲ್ಕನೆಯ ಜಾಗ, ಅಂದರೆ ನೋಡುವವರ ಜಾಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲರೂ ಒಂದು ಸಲ ಅಲ್ಲಿಗೆ ಬರುತ್ತಾರೆ. "ನೋಡುವವರ ಸರದಿಯಲ್ಲಿ, 10 ಪಾಸ್ ಮುಗಿದ ಕೂಡಲೇ, ಜೊತೆಗಾರನು ಸರಿಯಾಗಿ ಮಾಡಿದ ಒಂದು ಸಂಗತಿ ಮತ್ತು ಬದಲಿಸಬೇಕಾದ ಒಂದು ಸಂಗತಿಯನ್ನು, ಯಾರೂ ನೆನಪಿಸದೆ, ಗೇಲಿ ಮಾಡದೆ ಅವನಿಗೇ ಹೇಳುತ್ತದೆ."

"ಮಂಡಿ ಚೆನ್ನಾಗಿ ಬಗ್ಗಿಸ್ತಿದ್ದೀಯ, ಆದ್ರೆ ಚೆಂಡು ಬಂದಾಗ ಕೈ ಮಡಚ್ತೀಯ" ಎಂದರೆ ಆಯಿತು. "ಸೂಪರ್" ಎಂದಷ್ಟೇ ಹೇಳಿದರೆ ಆಗಲಿಲ್ಲ, ಅದರಲ್ಲಿ ಸಂಗತಿ ಇಲ್ಲ. "ನಿಂಗೆ ಬರಲ್ಲ ಬಿಡು" ಎಂದರಂತೂ ಆಗಲೇ ಇಲ್ಲ. ಈ ಮೂರು ಮಾತನ್ನು ಪಾಠದ ಮೊದಲೇ ಮಕ್ಕಳ ಮುಂದೆ ಹೇಳಿ ತೋರಿಸಿ, ಯಾವುದು ಲೆಕ್ಕಕ್ಕೆ ಬರುತ್ತದೆ ಎಂದು ಅವರಿಂದಲೇ ಹೇಳಿಸಿ. ಗುರುತು ಹಾಕಲು ಮೂರೇ ಮಟ್ಟ ಸಾಕು: ತಾನಾಗಿ ಹೇಳಿತು, ನೆನಪಿಸಿದ ಮೇಲೆ ಹೇಳಿತು, ಹೇಳಲಿಲ್ಲ. ಐದು ಮಟ್ಟದ ಪಟ್ಟಿ ಮಾಡಿಕೊಂಡರೆ ಮೈದಾನದಲ್ಲಿ ನಿಂತು ತುಂಬಲು ಆಗೋದಿಲ್ಲ.

40 ಮಕ್ಕಳ ಮಾತನ್ನೂ ನೀವೊಬ್ಬರೇ ಕೇಳಿಸಿಕೊಳ್ಳೋದು ಸಾಧ್ಯವಿಲ್ಲ. ಪಾಠಕ್ಕೆ ಎರಡು ಗುಂಪು ಆರಿಸಿ, ಎಣಿಕೆ ತಾಳೆ ನೋಡಲು ನಿಂತ ಆ ಎರಡೇ ಗುಂಪಾದರೂ ಆಗಬಹುದು. ಅವು ಪಕ್ಕಪಕ್ಕದಲ್ಲಿರಲಿ, ಒಂದು ಗುಂಪಿನ ಸರದಿ ಇನ್ನೊಂದಕ್ಕಿಂತ ಸ್ವಲ್ಪ ತಡವಾಗಿ ಶುರುವಾಗಲಿ. ಆಗ ಎಂಟು ಮಕ್ಕಳ ಮಾತು ಸಿಗುತ್ತದೆ, ಐದು ಪಾಠದಲ್ಲಿ ತರಗತಿ ಮುಗಿಯುತ್ತದೆ. ಯಾವ ಗುಂಪನ್ನು ನೋಡುತ್ತಿದ್ದೀರಿ ಎಂದು ಮೊದಲೇ ಹೇಳಬೇಡಿ. ಪಾಠಯೋಜನೆಯಲ್ಲಿ "ಈ ಪಾಠದಲ್ಲಿ 8 ಮಕ್ಕಳನ್ನು ಗಮನಿಸಲಾಗುವುದು" ಎಂದು ನೇರವಾಗಿ ಬರೆಯಿರಿ. ಪರಿಶೀಲಿಸುವವರು ಇದನ್ನು ಕಡಿಮೆ ಎಂದರೆ, ಒಂದೇ ಅವಧಿಯಲ್ಲಿ 40 ಮಕ್ಕಳನ್ನೂ ಗಮನಿಸಿ ಬರೆದ ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ಅವರಿಗೂ ಗೊತ್ತಿರುತ್ತದೆ.

ಈ ಅಳತೆಗೆ ಒಂದು ಮಿತಿ ಇದೆ. ನೀವು ಹೇಳು ಎಂದಿದ್ದಕ್ಕೆ ಮಗು ಹೇಳಿತು, ಅಷ್ಟು ಮಾತ್ರ ಇದರಿಂದ ಗೊತ್ತಾಗುತ್ತದೆ. ಘಟಕದ ಕೊನೆಯಲ್ಲಿ ಆಟ ಆಡಿಸುವಾಗ, ಯಾರೂ ಕೇಳದೆಯೇ ತಪ್ಪು ಪಾಸ್ ಮಾಡಿದವನಿಗೆ ಇಂಥ ಮಾತು ಹೇಳುತ್ತಾರಾ ನೋಡಿ. ಅಲ್ಲಿಗೆ ಬೇರೆ ಉದ್ದೇಶ ಬರೆಯಬೇಕು, ಮಟ್ಟವನ್ನೂ ಇಳಿಸಬೇಕು. ಇಡೀ ಆಟದಲ್ಲಿ ಒಂದು ಸಲ ಹೇಳಿದರೂ ಸಾಕು.

ಅಂಕಿಗಳು ಬಂದ ಮೇಲೆ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಓದಿ, ಕೂಡಿಸಿ ಒಂದೇ ಅಂಕ ಮಾಡಬೇಡಿ. ಒಂದು ಮಗುವಿಗೆ ಪಾಸ್‌ನಲ್ಲಿ 2, ಚೀಟಿಯಲ್ಲಿ ಮೂರಕ್ಕೆ ಮೂರು ಬಂದಿದೆ ಎನ್ನಿ. ಅದಕ್ಕೆ ವಿವರಣೆ ಬೇಡ, ಎಲ್ಲ ಗೊತ್ತಿದೆ. ಬೇಕಿರೋದು ಇನ್ನಷ್ಟು ಚೆಂಡು. ಇನ್ನೊಂದು ಮಗುವಿಗೆ ಪಾಸ್‌ನಲ್ಲಿ 8, ಚೀಟಿಯಲ್ಲಿ ಸೊನ್ನೆ. ಅದು ಆಡಬಲ್ಲದು, ಆದರೆ ತನ್ನ ಚೆಂಡು ತಪ್ಪಿದ ದಿನ ಯಾಕೆ ತಪ್ಪಿತು ಎಂದು ಹುಡುಕಲು ಬಾರದು. ಅದನ್ನು ಮುಂದಿನ ಪಾಠದಲ್ಲಿ ಮೊದಲು ನೋಡುವವರ ಜಾಗಕ್ಕೆ ನಿಲ್ಲಿಸಿ. ಇಬ್ಬರಿಗೂ ಸರಾಸರಿ ಹಾಕಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ತರಗತಿಯ ಮಟ್ಟದಲ್ಲಿ, 40ರಲ್ಲಿ 30 ಮಕ್ಕಳು 6 ಮುಟ್ಟಿದರೆ ಮುಂದಕ್ಕೆ ಹೋಗಿ. ಈ 30 ನಿಮ್ಮ ತೀರ್ಮಾನ. ಮಗುವಿನ 6ರ ಜೊತೆ ಇದನ್ನು ಬೆರೆಸಿ "75 ಶೇಕಡ ಸಾಧನೆ" ಎಂದು ಬರೆಯಬೇಡಿ, ಯಾರಿಗೂ ಅರ್ಥವಾಗೋದಿಲ್ಲ. 12 ಮಕ್ಕಳು ಮಾತ್ರ ಮುಟ್ಟಿದ್ದರೆ ಉದ್ದೇಶದ ಸ್ಥಿತಿಯಲ್ಲಿ ಒಂದನ್ನು ಮಾತ್ರ ಬದಲಿಸಿ. ದೂರ 3 ಮೀಟರ್ ಮಾಡಿ, ಅಥವಾ ವೃತ್ತ 3 ಮೀಟರ್ ಮಾಡಿ, ಅಥವಾ ಹಗುರ ಚೆಂಡು ಕೊಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಷ್ಟವಾಗಿತ್ತು ಎಂದು ಗೊತ್ತಾಗೋದಿಲ್ಲ. ಚೆಂಡು ಬಡಿದರೆ ನೋವಾಗುತ್ತದೆ ಎಂದು ಕೈ ಹಿಂದೆಳೆಯುವ ಮಕ್ಕಳು ಜಾಸ್ತಿ ಇದ್ದರೆ ಮೊದಲು ಹಗುರ ಚೆಂಡನ್ನೇ ನೋಡಿ. ಒಂದಿಬ್ಬರಿಗೆ ಮಾತ್ರ ಹೀಗೆ ಬೇಕಿದ್ದರೆ ಅವರ ಉದ್ದೇಶದಲ್ಲಿ ಸ್ಥಿತಿ ಬದಲಾಗಲಿ, ಮಾಡಬೇಕಾದ ಕೆಲಸ ಎಲ್ಲರದೂ ಅದೇ ಇರಲಿ.

30 ಮಕ್ಕಳು ಮುಟ್ಟಿದರು ಎಂದುಕೊಂಡರೆ ನಿಮ್ಮ ಮೂರನೇ ಪಾಠದ ಮೊದಲ ಉದ್ದೇಶ ಹೀಗಾಗುತ್ತದೆ: "ನೆಟ್‌ನ ಆಚೆಯಿಂದ ಕೆಳಗೈಯಲ್ಲಿ ಎಸೆದ ಚೆಂಡನ್ನು, ಎರಡು ಹೆಜ್ಜೆಯೊಳಗೆ ಎಡಕ್ಕೋ ಬಲಕ್ಕೋ ಸರಿದು ಮುಂಗೈಗಳ ಮೇಲೆ ತೆಗೆದುಕೊಂಡು, ನೆಟ್ ಹತ್ತಿರದ 2 ಮೀಟರ್ ಅಗಲದ ವೃತ್ತದಲ್ಲಿ ನಿಂತವರು ವೃತ್ತ ಬಿಡದೆ ಹಿಡಿಯುವಂತೆ, ತಲೆಗಿಂತ ಎತ್ತರದಲ್ಲಿ ಪಾಸ್ ಮಾಡುತ್ತದೆ, 10ರಲ್ಲಿ 4 ಸಲ." ಸರಿದು ಆಡುವುದು ನಿಂತಲ್ಲೇ ಆಡುವುದಕ್ಕಿಂತ ಕಷ್ಟ, ಅದಕ್ಕೇ 6 ಇಳಿದು 4 ಆಯಿತು. ಇದನ್ನೂ ನಾಲ್ಕು ಮಕ್ಕಳ ಮೇಲೆ ನೋಡಿಯೇ ಪಾಠಯೋಜನೆಗೆ ಬರೆಯಿರಿ.